ಎಲೆಕೋಸಿನ ಅಂಚಿನ ಹನಿ

ನನ್ನ ಓರಗಿತ್ತಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತೆ ಮುಗಿಯುವ ಹೊತ್ತಿಗೆ ಯಾರು ಯಾರಿಗೆ ಕಲಿಸಿದರು ಎಂದು ನಿಮಗೇ ಅನುಮಾನ ಬರಬಹುದು.

ಅವಳು ನನ್ನ ಮೈದುನನನ್ನು ಮದುವೆಯಾಗಿ ಬಂದು ಒಂಬತ್ತು ವರ್ಷ. ಆಗಲೇ ನಾನು ತಿನ್ನುವ ಪದಾರ್ಥಗಳ ಫೋಟೋ ತೆಗೆಯುವುದರಲ್ಲಿ ಪಳಗಿದ್ದೆ. ಬಿಸ್ಕತ್ತಿನ ಪೊಟ್ಟಣ, ಅಡುಗೆ ಎಣ್ಣೆಯ ಡಬ್ಬ, ಹೋಟೆಲಿನ ಮೆನು ಕಾರ್ಡು, ಎಲ್ಲ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನನ್ನ ದೀಪದ ಕೆಳಗೆ ಹಾದುಹೋದವು. ಹೊಸ ಸೊಸೆ ಮನೆಯಲ್ಲಿ ಬೇಜಾರು ಎಂದು ಕೆಳಗೆ ಇಳಿದು ಬಂದಳು. ಬಿಳಿ ಹಲಗೆ ಹಿಡಿದು ನಿಲ್ಲು, ಬೆಳಕು ವಾಪಸ್ ಬೀಳಲಿ ಎಂದೆ. ನಿಂತಳು. ಆಮೇಲೆ ಯಾಕೆ, ಹೇಗೆ, ಎಷ್ಟು ಎಂದು ಕೇಳತೊಡಗಿದಳು. ಹೇಳಿಕೊಡುವವರಿಗೆ ಕೇಳುವವರು ಸಿಕ್ಕಿದರೆ ನಾಲಗೆ ನಿಲ್ಲುವುದಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಸುರಿದೆ.

ಎರಡು ವರ್ಷದ ಹಿಂದೆ ಅವಳು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಸ್ವಂತ ಕೆಲಸ ಶುರುಮಾಡಿದಳು. ಒಳ್ಳೇದಾಯ್ತು ಎಂದೆ. ಬಾಯಿ ಹಾಗೆಂದಿತು, ಹೊಟ್ಟೆಯೊಳಗೆ ಕಡ್ಡಿ ಗೀರಿದ ಹಾಗಾಯಿತು. ಆ ಬೆಂಕಿ ಆಮೇಲೆ ಆರಲೇ ಇಲ್ಲ. ಅವಳ ಫೋಟೋ ನೋಡಿದವರು 'ಕೈ ಹಾಕಿ ಎತ್ತಿಕೊಳ್ಳೋಣ ಅನ್ನಿಸುತ್ತೆ' ಎನ್ನುತ್ತಿದ್ದರು. ನನ್ನದಕ್ಕೆ 'ತುಂಬ ನೀಟಾಗಿದೆ' ಎನ್ನುತ್ತಿದ್ದರು. ಸತ್ತವರ ಮುಖಕ್ಕೂ ಜನ ಹಾಗೇ ಹೇಳುತ್ತಾರೆ.

ಇನ್ನೂ ಕಷ್ಟವೆಂದರೆ ಅವಳು ಒಳ್ಳೆಯವಳು. ಜಗಳಗಂಟಿಯಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. ಎಲ್ಲಿಗೆ ಹೋದರೂ 'ನನ್ನ ಗುರು ನಮ್ಮಕ್ಕ' ಎಂದು ನನ್ನನ್ನು ಮುಂದೆ ನಿಲ್ಲಿಸುವಳು. ಹಾಗೆ ನಿಂತಾಗಲೆಲ್ಲ ನನಗೆ ವಯಸ್ಸಾದ ಹಾಗೆ ಅನ್ನಿಸುತ್ತಿತ್ತು. ಅವಳ ಮೇಲೆ ಹೇಳಲು ಒಂದು ತಪ್ಪಾದರೂ ಸಿಗಲಿ ಎಂದು ನಾನು ಮನಸ್ಸಿನಲ್ಲೇ ಎಷ್ಟು ಹರಕೆ ಹೊತ್ತಿದ್ದೇನೋ.

ಹೀಗಿರುವಾಗ ತರಕಾರಿ ಕಂಪನಿಯ ಕೆಲಸ ಬಂತು. ತೋಟದಲ್ಲಿ ಬೆಳಗ್ಗೆ ಕಿತ್ತು, ಕ್ರೇಟಿಗೆ ತುಂಬಿ, ಅದೇ ದಿನ ಮನೆಮನೆಗೆ ಮುಟ್ಟಿಸುವವರು. ಹಿಂದಿನ ವರ್ಷ ಬೇರೆ ಯಾರೋ ತೆಗೆದ ಫೋಟೋದಲ್ಲಿ ಟೊಮೆಟೊ ರಕ್ತದ ಹಾಗೆ ಕೆಂಪಾಗಿತ್ತಂತೆ. ಜನ ಕ್ರೇಟು ತೆರೆದು, ಪಕ್ಕದಲ್ಲಿ ಫೋನು ಹಿಡಿದು, ಇದು ಅದಲ್ಲ ಎಂದು ವಾಪಸ್ ಕಳಿಸಿದರಂತೆ. ಅದಕ್ಕೇ ಈ ಸಲ ಕಂಪನಿಯ ಮ್ಯಾನೇಜರು ಷರತ್ತುಗಳನ್ನು ಓದಿ ಹೇಳಿದ. ಅಂದು ಕಿತ್ತ ತರಕಾರಿಯೇ ಆಗಬೇಕು. ಇಬ್ಬನಿ ಕಾಣಬೇಕು. ಅದು ಸಾಲದಿದ್ದರೆ ಬರೀ ನೀರು ಚಿಮುಕಿಸಬಹುದು, ಬೇರೇನೂ ಸೋಕಬಾರದು. ಬಣ್ಣ ಇದ್ದ ಹಾಗೇ ಇರಬೇಕು, ಕಂಪ್ಯೂಟರಿನಲ್ಲಿ ಏರಿಸುವ ಹಾಗಿಲ್ಲ. ಫೋಟೋ ತೆಗೆಸಿಕೊಂಡ ಕ್ರೇಟು ಅಂದೇ ಮೊದಲ ಲಾರಿಯಲ್ಲಿ ಗಿರಾಕಿಗೆ ಹೋಗಬೇಕು. ಕೊನೆಯದು ಅವರ ತೋಟದ ಯಜಮಾನಿಯ ಹಟವಂತೆ: ಯಾರದೋ ಮನೆಯ ಒಲೆ ಮೇಲೆ ಏರದ ತರಕಾರಿ ನನ್ನ ಹೆಸರಲ್ಲಿ ಪೋಸು ಕೊಡಬಾರದು.

ಕೆಲಸ ಸಿಕ್ಕಿದರೆ ಇಡೀ ವರ್ಷದ್ದು, ಪ್ರತಿ ಬೆಳೆಯದ್ದು. ನನಗೆ ಅದು ಬೇಕೇ ಬೇಕಿತ್ತು. ಹೋಟೆಲಿನವರು ಈಗ ಫೋನಿನಲ್ಲೇ ತೆಗೆದುಕೊಳ್ಳುತ್ತಾರೆ. ಕೆಳಗಿನ ಕೋಣೆಯ ದೀಪಗಳ ಮೇಲೆ ಬಟ್ಟೆ ಹೊದಿಸಿ ಮೂರು ತಿಂಗಳಾಗಿತ್ತು. ಆ ಕೋಣೆಯನ್ನು ಯಾವುದಾದರೂ ಅಂಗಡಿಗೆ ಬಾಡಿಗೆಗೆ ಕೊಟ್ಟರೆ ಹೇಗೆ ಎಂದು ನಮ್ಮನೆಯವರು ಎರಡು ಸಲ ಕೇಳಿ ಆಗಿತ್ತು. ಈ ಕೆಲಸ ಬಂದರೆ ಕೋಣೆ ಉಳಿಯುತ್ತದೆ, ಹೋದರೆ ನಾನು ದೀಪ ಮಾರಿ ಮೇಲೆ ಹೋಗಿ ಸೊಪ್ಪು ಬಿಡಿಸುತ್ತ ಕೂರಬೇಕು, ಅಷ್ಟೇ ಲೆಕ್ಕ.

ಇಬ್ಬರನ್ನು ಕರೆದಿದ್ದೇವೆ, ಒಂದೇ ದಿನ, ಒಂದೊಂದು ಕ್ರೇಟು, ಯಾರದು ಚೆನ್ನಾಗಿದೆಯೋ ಅವರಿಗೆ, ಎಂದಿದ್ದ ಮ್ಯಾನೇಜರು. ಇನ್ನೊಬ್ಬರು ಯಾರು ಎಂದು ನಾನು ಕೇಳಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಓರಗಿತ್ತಿ ಸಾರು ಬಡಿಸುತ್ತ, "ಅಕ್ಕ, ನಿಮಗೂ ಆ ತರಕಾರಿಯವರು ಫೋನ್ ಮಾಡಿದ್ರಾ?" ಎಂದಳು. ಹೌದು ಎಂದು ತಟ್ಟೆ ನೋಡುತ್ತ ಅನ್ನ ಕಲಸಿದೆ.

ಮನೆಗೆ ಕಾರು ಒಂದೇ. ಹಾಗಾಗಿ ಒಬ್ಬಳನ್ನೊಬ್ಬಳು ಸೋಲಿಸಲು ನಾವಿಬ್ಬರೂ ಒಂದೇ ಕಾರಿನಲ್ಲಿ ಹೋದೆವು. ಅವಳು ಓಡಿಸಿದಳು. ನಾನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಫ್ಲಾಸ್ಕಿನಲ್ಲಿ ನನಗೆ ಸಕ್ಕರೆ ಕಮ್ಮಿ ಕಾಫಿ ತಂದಿದ್ದಳು. ಕುಡಿದೆ, ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ತೋಟ ಮುಟ್ಟಿದಾಗ ಇನ್ನೂ ಮಬ್ಬು. ದೊಡ್ಡ ಪ್ಯಾಕಿಂಗ್ ಶೆಡ್ಡು, ಅದರ ಮುಂದೆ ಹಸಿರು ನೆರಳು ಬಲೆಯ ಚಪ್ಪರ, ಅದರಡಿ ಒಂದರ ಮೇಲೊಂದು ಕ್ರೇಟುಗಳು. ಆಚೆಗೆ ಸಾಲುಸಾಲಾಗಿ ಎಲೆಕೋಸು, ಬದನೆ, ಟೊಮೆಟೊ, ಕ್ಯಾರೆಟ್ಟು, ಬೀನ್ಸು. ಯಜಮಾನಿ ರಬ್ಬರ್ ಬೂಟು ಹಾಕಿಕೊಂಡು ಎದುರು ಬಂದರು. ಎಪ್ಪತ್ತರ ಹತ್ತಿರದವರು, ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕೈ ನೋಡಿದರೆ ಸಾಕು, ಕೂತು ಯಜಮಾನಿಕೆ ಮಾಡುವವರಲ್ಲ ಎಂದು ಗೊತ್ತಾಗುತ್ತಿತ್ತು. ಎರಡು ಖಾಲಿ ಕ್ರೇಟು ಕೊಟ್ಟು, ಬೇಕಾದ್ದು ಕೇಳಿ, ಆಳುಗಳು ಕಿತ್ತು ಕೊಡುತ್ತಾರೆ ಎಂದರು.

ನಾನು ಬೀನ್ಸೂ ಬೇಕು, ಒಂದು ಎಳೆಹಸಿರು ಇರಲಿ ಎಂದೆ. ದೊಡ್ಡಮ್ಮ ಆಗುವುದಿಲ್ಲ ಎಂದರು. ಇಬ್ಬನಿಯಲ್ಲಿ ನೆಂದ ಬೀನ್ಸ್ ಗಿಡಕ್ಕೆ ಕೈ ಹಾಕಿದರೆ ಒಂದು ಗಿಡದ ರೋಗ ಕೈಗೆ ಅಂಟಿ ಸಾಲಿಗೆಲ್ಲ ಹತ್ತುತ್ತದಂತೆ. ಎಲೆ ಒಣಗಿದ ಮೇಲೇ ಬೀನ್ಸು. ನಾಲ್ಕು ಕಾಯಿಗೆ ಏನಾಗುತ್ತೆ ಎಂದು ನಾನು ಒಂದು ಮಾತು ಹೆಚ್ಚಾಡಿದೆ. ಓರಗಿತ್ತಿ ಅಷ್ಟರಲ್ಲಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೋಸಿನ ಸಾಲಿನೊಳಗೆ ಇಳಿದುಬಿಟ್ಟಳು. ದೊಡ್ಡಮ್ಮ ಅವಳ ಹಿಂದೆಯೇ ಹೋದರು. ನೋಡಿ, ಹೋಗಿ ಹದಿನೈದು ನಿಮಿಷವಾಗಿಲ್ಲ, ಆಗಲೇ ಒಲಿಸಿಕೊಂಡಾಗಿತ್ತು.

ನನ್ನ ಕ್ರೇಟು ತುಂಬಿ ಬಂತು. ಎಂಥ ತರಕಾರಿ ಎನ್ನುತ್ತೀರಿ. ಕೋಸಿನ ಮೇಲೆ ಬೂದು ಪುಡಿ ಸವರಿದಂಥ ಮೇಣದ ಪೊರೆ, ಅದರ ಮೇಲೆ ಇಬ್ಬನಿ. ಬದನೆಯ ತೊಟ್ಟಿನಲ್ಲಿ ಇನ್ನೂ ಮುಳ್ಳು. ಹಸಿರು ಬಲೆಯ ಕೆಳಗೆ ತೆಗೆದರೆ ಟೊಮೆಟೊಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಅದಕ್ಕೆ ಶೆಡ್ಡಿನ ಬಡಗಣ ಗೋಡೆಯ ಪಕ್ಕ, ಬಯಲ ಬೆಳಕಿನಲ್ಲಿ, ಬಿಸಿಲು ನೇರ ಬೀಳದ ಕಡೆ ಮೇಜು ಹಾಕಿಸಿದೆ. ಬಣ್ಣದ ಚೌಕಗಳ ಕಾರ್ಡನ್ನು ತರಕಾರಿಯ ಪಕ್ಕ ನಿಲ್ಲಿಸಿ ಮೊದಲ ಫೋಟೋ ತೆಗೆದೆ. ಆ ಕಾರ್ಡಿನ ಬಣ್ಣ ಸರಿಬಂದರೆ ತರಕಾರಿಯದೂ ಸರಿಬರುತ್ತದೆ. ಬೆಳಕು ಬದಲಾದಾಗಲೆಲ್ಲ ಮತ್ತೆ ಕಾರ್ಡು ಇಡಬೇಕು. ಇದರಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಟ್ಟದ್ದು ಜೋಡಿಸುವುದರಲ್ಲಿ. ನನಗೆ ಮೊದಲಿಂದಲೂ ಆ ಚಟ. ಈ ಕೋಸು ಸ್ವಲ್ಪ ಎಡಕ್ಕೆ, ಆ ಟೊಮೆಟೊದ ಕಲೆ ಹಿಂದಕ್ಕೆ, ಕ್ಯಾರೆಟ್ಟಿನ ಸೊಪ್ಪು ಅಂಚಿನಿಂದ ಇಣುಕಲಿ. ಅರ್ಧ ಗಂಟೆ ತಿರುಗಿಸಿದೆ. ಪೊರೆ ಅಳಿಯದಂತೆ ಕೋಸನ್ನು ದಂಟಿನಲ್ಲೇ ಹಿಡಿದೆ, ನಿಜ. ಆದರೆ ಮೇಣದ ಎಲೆ ಒಂದಿಷ್ಟು ಓರೆಯಾದರೂ ಹನಿ ಉರುಳಿ ಹೋಗುತ್ತದೆ. ಕ್ರೇಟು ನನಗೆ ಬೇಕಾದ ಹಾಗೆ ಬಂದಾಗ ಇಬ್ಬನಿಯೆಲ್ಲ ಕೆಳಗಿನ ತೂತುಗಳಿಂದ ಇಳಿದು ಮೇಜು ಒದ್ದೆಯಾಗಿತ್ತು. ಅಷ್ಟರಲ್ಲಿ ಒಳ್ಳೆಯ ಬೆಳಕು ಬಂತು.

ನೀರು ಚಿಮುಕಿಸಿದೆ. ಕೋಸಿನ ಮೇಲೆ ನಿಂತಂತೆ ಮಾಡಿ ಉರುಳಿತು, ಟೊಮೆಟೊ ಮೇಲೆ ಗೆರೆಗೆರೆಯಾಗಿ ಸುರಿಯಿತು. ಮತ್ತೆ ಚಿಮುಕಿಸಿದೆ. ಮಳೆಯಲ್ಲಿ ನೆನೆದ ಬಟ್ಟೆಯ ಹಾಗೆ ಕಾಣಿಸಿತು ನನ್ನ ಕ್ರೇಟು. ತಲೆಯೆತ್ತಿ ನೋಡಿದರೆ ಗೋಡೆಯ ಆ ತುದಿಯಲ್ಲಿ ಅವಳು ತನ್ನ ಕ್ರೇಟನ್ನು ಸಾಲಿನಿಂದ ಹಾಗೇ ಹೊತ್ತು ತಂದು ನೆಲದ ಮೇಲಿಟ್ಟು, ಕಾರ್ಡು ಒಡ್ಡಿ, ಟಕ್ ಟಕ್ ಎಂದು ತೆಗೆಯುತ್ತಿದ್ದಳು. ಒಂದನ್ನೂ ಮುಟ್ಟುತ್ತಿರಲಿಲ್ಲ. ಮ್ಯಾನೇಜರು ಅವಳ ಕ್ಯಾಮೆರಾದ ಹಿಂದೆ ಬಾಗಿ ನೋಡಿ ನಗುತ್ತಿದ್ದ.

ನನ್ನ ಬ್ಯಾಗಿನ ಅಡಿಯಲ್ಲಿ ಒಂದು ಸಣ್ಣ ಬಾಟಲಿ ಯಾವಾಗಲೂ ಇರುತ್ತದೆ. ಅರ್ಧ ನೀರು, ಅರ್ಧ ಗ್ಲಿಸರಿನ್. ನಮ್ಮ ಕಸುಬಿನವರ ಇಬ್ಬನಿ ಅದು. ಸಿರಿಂಜಿನಿಂದ ಹನಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ, ಗಂಟೆಗಟ್ಟಲೆ ದೀಪದ ಕೆಳಗಿದ್ದರೂ ಆರುವುದಿಲ್ಲ. ಷರತ್ತು ನೆನಪಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ನೆನಪಿತ್ತು. ಮೈಯಡ್ಡ ಮಾಡಿಕೊಂಡು ಇಪ್ಪತ್ತೈದು ಮೂವತ್ತು ಹನಿ ಇಟ್ಟೆ, ಫೋಟೋ ತೆಗೆದೆ. ಚೆನ್ನಾಗಿ ಬಂತು. ತುಂಬ ನೀಟಾಗಿ ಬಂತು.

ಕೆಲಸ ಮುಗಿಸಿ ಅವಳ ಕ್ರೇಟಿನ ಕಡೆ ಹೋದೆ. ನೋಡಲೇಬಾರದು ಅಂದುಕೊಂಡವರು ಮೊದಲು ನೋಡುವುದು ಅದನ್ನೇ. ಅವಳ ಕ್ರೇಟಿನಲ್ಲಿ ಟೊಮೆಟೊಗಳು ಭುಜದ ಹತ್ತಿರ ಇನ್ನೂ ಹಸಿರಾಗಿದ್ದವು, ಒಂದು ಕ್ಯಾರೆಟ್ಟಿಗೆ ಎರಡು ಕಾಲಿದ್ದವು. ಹಾಗಿದ್ದೂ ಕಣ್ಣು ಅಲ್ಲಿಂದ ಏಳುತ್ತಿರಲಿಲ್ಲ. ಆಮೇಲೆ ಕೋಸನ್ನು ನೋಡಿದೆ. ಹೊರ ಎಲೆಯ ಅಂಚಿನುದ್ದಕ್ಕೂ ಹನಿಗಳು. ಒಂದೇ ಗಾತ್ರ. ಒಂದಕ್ಕೂ ಇನ್ನೊಂದಕ್ಕೂ ಒಂದೇ ಅಂತರ. ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ನಿಂತಿದ್ದವು.

ನನ್ನ ಎದೆ ಧಸಕ್ಕೆಂದಿತು. ಸಂತೋಷಕ್ಕೆ. ಇಬ್ಬನಿ ಹೀಗೆ ಲೆಕ್ಕ ಹಾಕಿ ಬೀಳುವುದಿಲ್ಲ. ಎಲೆಯ ಅಂಚಿನಲ್ಲಿ ಇಂಥ ಸಾಲು ಇಡಬೇಕಾದರೆ ಸಿರಿಂಜು ಬೇಕು, ನಡುಗದ ಕೈ ಬೇಕು. ಆ ಕೈಯನ್ನು ಪಳಗಿಸಿದವಳು ನಾನೇ ಅಲ್ಲವೇ! ಕಡೆಗೂ ಸಿಕ್ಕಿಬಿದ್ದಳು ಎಂದುಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು ಎಂದೂ ಅಂದುಕೊಂಡೆ. ಹತ್ತು ನಿಮಿಷದ ಹಿಂದೆ ನಾನು ಮಾಡಿದ್ದು ಆ ಗಳಿಗೆಯಲ್ಲಿ ಮನಸ್ಸಿನ ಯಾವ ಮೂಲೆಯಲ್ಲಿ ಅವಿತುಕೊಂಡಿತ್ತೋ ಕಾಣೆ. ಹೊಟ್ಟೆಕಿಚ್ಚಿಗೆ ಎದುರಿನದಷ್ಟೇ ಕಾಣುತ್ತದೆ.

ಮ್ಯಾನೇಜರನ್ನು ಬದಿಗೆ ಕರೆದೆ. ನೇರವಾಗಿ ಹೇಳಲಿಲ್ಲ, ಹುಳಿ ಹಿಂಡುವವರು ಎಂದಾದರೂ ನೇರ ಹೇಳುತ್ತಾರೆಯೇ. ನಮ್ಮ ಹುಡುಗಿ, ನಾನು ಹೇಳಬಾರದು, ಆದರೂ ಕಂಪನಿಯ ಹೆಸರಿನ ಪ್ರಶ್ನೆ ನೋಡಿ, ಎಂದು ಶುರುಮಾಡಿ, ಆ ಹನಿಗಳನ್ನು ಒಂದು ಸಲ ಹತ್ತಿರದಿಂದ ನೋಡಿ, ಎಂಟು ಗಂಟೆಯಾದರೂ ಇಬ್ಬನಿ ಹಾಗೆ ನಿಲ್ಲುತ್ತದೆಯೇ ಎಂದು ಮುಗಿಸಿದೆ. ಅವನ ಮುಖ ಬಾಡಿತು. ಹಿಂದಿನ ವರ್ಷದ ಏಟು ಇನ್ನೂ ಮಾಸಿರಲಿಲ್ಲ. ಹೋಗಿ ದೊಡ್ಡಮ್ಮನ ಕಿವಿಗೆ ಹಾಕಿದ.

ದೊಡ್ಡಮ್ಮ ಬಂದರು. ಕೋಸು ನೋಡಿದರು, ನನ್ನನ್ನು ನೋಡಿದರು, ಓರಗಿತ್ತಿಯನ್ನು ನೋಡಿದರು. ಅವಳಿಗೆ ಮ್ಯಾನೇಜರು ಆಗಲೇ ವಿಷಯ ಹೇಳಿದ್ದ. ಯಾರು ಹೇಳಿದ್ದು ಎಂದು ಹೇಳಿರಲಿಲ್ಲ, ಆದರೆ ಆ ತೋಟದಲ್ಲಿ ಹನಿಯ ಬಗ್ಗೆ ಮಾತಾಡುವವರು ಎಷ್ಟು ಜನ ಇದ್ದರು? ಅವಳು ತಾನು ಏನನ್ನೂ ಹಾಕಿಲ್ಲ ಎಂದಳು. ನನ್ನ ಕಡೆ ನೋಡಲಿಲ್ಲ.

"ಜಗಳ ಯಾಕೆ," ಎಂದರು ದೊಡ್ಡಮ್ಮ. "ಬಿಸಿಲಿದೆ. ಎರಡೂ ಕ್ರೇಟು ತಗೊಂಡು ಹೋಗಿ ಬಿಸಿಲಲ್ಲಿಡಿ. ಒಂದು ಗಂಟೆ. ನೀರಾದ್ರೆ ಆರುತ್ತೆ, ಬೇರೆ ಏನಾದ್ರೂ ಆದ್ರೆ ನಿಲ್ಲುತ್ತೆ."

ಎರಡೂ ಎಂದರು. ಎರಡನೆಯದು ನನ್ನದು ಎಂದು ನನಗೆ ಹೊಳೆಯಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ನನ್ನದನ್ನೂ ಯಾಕೆ ಎಂದೆ, ಆದಷ್ಟು ಮೆಲ್ಲಗೆ. ನ್ಯಾಯ ಅಂದಮೇಲೆ ಇಬ್ಬರಿಗೂ ಒಂದೇ ಅಲ್ಲವೇ ಎಂದು ಮ್ಯಾನೇಜರು ನನ್ನ ಪರವಾಗಿಯೇ ಎಂಬಂತೆ ನಕ್ಕ. ಇಬ್ಬರು ಆಳುಗಳು ಕ್ರೇಟುಗಳನ್ನು ಎತ್ತಿಕೊಂಡು ಹೋಗಿ ಮೂಡಣ ಗೋಡೆಯ ಬುಡದಲ್ಲಿಟ್ಟರು. ಲಾರಿಯ ಡ್ರೈವರ್ ತಡವಾಗುತ್ತದೆಂದು ಗೊಣಗಿದ. ನಮ್ಮನ್ನೆಲ್ಲ ತಿಂಡಿಗೆ ಕರೆದರು.

ತಟ್ಟೆಯ ಮುಂದೆ ಕುಳಿತೆ. ಗ್ಲಿಸರಿನ್ ಒಂದು ಗಂಟೆಗಲ್ಲ, ಸಂಜೆಯವರೆಗೂ ನಿಲ್ಲುತ್ತದೆ. ಓರಗಿತ್ತಿ ಎದುರಿಗೆ ಕೂತು ತಲೆ ತಗ್ಗಿಸಿ ತಿನ್ನುತ್ತಿದ್ದಳು. ಅವಳಿಗೂ ಹೆದರಿಕೆ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಇಬ್ಬರದೂ ಆರದಿದ್ದರೆ ಇಬ್ಬರಿಗೂ ಕೆಲಸ ತಪ್ಪುತ್ತದೆ. ಅವಳೊಬ್ಬಳಿಗೇ ತಪ್ಪುವಂತೆ ಮಾಡಬೇಕಾದರೆ ನನ್ನದು ಒಣಗಿರಬೇಕು. ಕೈ ತೊಳೆದು ಬರುತ್ತೇನೆ ಎಂದು ಎದ್ದೆ.

ಗೋಡೆಯ ಹತ್ತಿರ ಯಾರೂ ಇರಲಿಲ್ಲ. ನಾನು ಅವಳ ಕ್ರೇಟಿನತ್ತ ತಿರುಗಿಯೂ ನೋಡಲಿಲ್ಲ, ಸಮಯವಿರಲಿಲ್ಲ. ಲೆನ್ಸು ಒರೆಸುವ ಮೆತ್ತನೆಯ ಬಟ್ಟೆ ತೆಗೆದು ಒದ್ದೆ ಮಾಡಿಕೊಂಡು ನನ್ನ ತರಕಾರಿ ಒರೆಸತೊಡಗಿದೆ. ಟೊಮೆಟೊ ಸಲೀಸಾಗಿ ಹೋಯಿತು. ಬದನೆ ಇನ್ನೂ ಮಿಂಚಿತು. ಕೋಸಿನ ಮೇಲೆ ಗ್ಲಿಸರಿನ್ ಜಾರಿ ಜಾರಿ ಹರಡಿತು. ಗಟ್ಟಿಯಾಗಿ ಒರೆಸಿದೆ. ಹನಿ ಹೋಯಿತು. ಬಟ್ಟೆ ತೆಗೆದು ನೋಡಿದರೆ ಹನಿಯ ಜೊತೆ ಬೂದು ಪೊರೆಯೂ ಹೋಗಿತ್ತು. ಅಂಗೈಯಗಲ ಕಡುಹಸಿರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು, ಸುತ್ತಲೂ ಬೂದು. ಮೂರು ಕೋಸಿನ ಮೇಲೂ ಹಾಗೇ.

ಕೋಸಿನ ಮುಖ ಮುಟ್ಟಬಾರದು ಎನ್ನುವುದು ನಮ್ಮ ಕಸುಬಿನ ಅ ಆ ಇ ಈ. ಒಮ್ಮೆ ಅಳಿಸಿದ ಪೊರೆಯನ್ನು ಯಾವ ಬಾಟಲಿಯೂ ವಾಪಸ್ ಕೊಡುವುದಿಲ್ಲ. ಅದನ್ನು ನಾನೇ, ಕಣ್ಣಾರೆ ನೋಡುತ್ತ, ಮೂರು ಸಲ ಮಾಡಿದ್ದೆ. ಹಿಂದೆ ಹೆಜ್ಜೆ ಸಪ್ಪಳವಾಯಿತು. ಬಟ್ಟೆಯನ್ನು ಮುದ್ದೆ ಮಾಡಿ ಬ್ಯಾಗಿಗೆ ತುರುಕಿದೆ. ಓರಗಿತ್ತಿ ಬರುತ್ತಿದ್ದಳು. ಅವಳು ಏನು ನೋಡಿದಳು, ಎಷ್ಟು ನೋಡಿದಳು ತಿಳಿಯಲಿಲ್ಲ. ಅವಳ ಹಿಂದೆ ದೊಡ್ಡಮ್ಮ, ಮ್ಯಾನೇಜರು ಬಂದರು.

ದೊಡ್ಡಮ್ಮ ಮೊದಲು ಅವಳ ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಪೂರ್ತಿ ಒಣಗಿತ್ತು. ಕೋಸಿನ ಅಂಚಿನಲ್ಲಿ ಹನಿ ಇದ್ದಲ್ಲೆಲ್ಲ ಸಣ್ಣ ಬಿಳಿ ಚುಕ್ಕೆ ಉಳಿದಿತ್ತು, ಸಾಲಾಗಿ. ಅದನ್ನು ಉಗುರಿನಿಂದ ಕೆರೆದು ತೋರಿಸಿದರು.

"ಇದು ಇಬ್ಬನಿಯೂ ಅಲ್ಲ, ಯಾರೂ ಇಟ್ಟಿದ್ದೂ ಅಲ್ಲ," ಎಂದರು. "ನೆಲ ಹಸಿ ಇದ್ರೆ ಗಿಡ ರಾತ್ರಿಯೆಲ್ಲ ನೀರು ಕುಡಿಯುತ್ತೆ. ಹೆಚ್ಚಾಗಿದ್ದನ್ನ ಬೆಳಗಾಗೋ ಹೊತ್ತಿಗೆ ಎಲೆ ಅಂಚಿಂದ ಹೊರಗೆ ಬಿಡುತ್ತೆ. ನರ ಬಂದು ಮುಗಿಯೋ ಕಡೆಯಲ್ಲಿ ಒಂದೊಂದು ಹನಿ. ಅದಕ್ಕೇ ಅಳತೆ ಇಟ್ಟ ಹಾಗಿರುತ್ತೆ. ಗಿಡದೊಳಗಿನ ಉಪ್ಪು ಆರಿ ಬಿಳಿ ಚುಕ್ಕೆ ಉಳಿಯುತ್ತೆ, ನೋಡಿ."

ನಾನು ನೋಡಿದೆ. ವರ್ಷಗಟ್ಟಲೆ ಕೋಸಿನ ಮೇಲೆ ಹನಿ ಇಟ್ಟವಳು ನಾನು, ಕೋಸು ತಾನೇ ಹನಿ ಇಡುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ಬಂದ ಕೋಸೆಲ್ಲ ಮಾರುಕಟ್ಟೆಯಿಂದ ಚೀಲದಲ್ಲಿ ಬಂದಿದ್ದವು.

ಆಮೇಲೆ ದೊಡ್ಡಮ್ಮ ನನ್ನ ಕ್ರೇಟಿನ ಕಡೆ ಸರಿದರು. ಹನಿ ಇರಲಿಲ್ಲ. ಮ್ಯಾನೇಜರು ಇದೂ ಒಣಗಿದೆ ಎಂದ, ಹಗುರಾದ ದನಿಯಲ್ಲಿ. ದೊಡ್ಡಮ್ಮ ಕೋಸನ್ನು ದಂಟಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಹೊಳೆಯುವ ಆ ಕಡುಹಸಿರಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆರಳಿಗೆ ಉಜ್ಜಿ ನೋಡಿದರು.

"ಅಂಟು ಅಂಟಾಗಿದೆ. ಇದನ್ನ ಯಾರು ಒರೆಸಿದ್ದು?"

ಮ್ಯಾನೇಜರು ನಮ್ಮಿಬ್ಬರ ಮುಖವನ್ನೂ ನೋಡಿದ. ಆಗ ಓರಗಿತ್ತಿ ಒಂದು ಹೆಜ್ಜೆ ಮುಂದೆ ಬಂದಳು. "ದೊಡ್ಡಮ್ಮ, ಅದು ನಾನು..." ಎಂದು ಬಾಯಿ ತೆರೆದಳು.

ಅವಳು ಏನು ಹೇಳಲು ಹೊರಟಿದ್ದಾಳೆ ಎಂದು ನನಗೆ ತಕ್ಷಣ ತಿಳಿಯಿತು. ನಾನೇ ಒರೆಸಿದೆ, ಧೂಳು ಕೂತಿತ್ತು, ಅಕ್ಕನ ತಪ್ಪಿಲ್ಲ, ಎಂದು. ಅವಳಿಗೆ ಅದು ಎರಡು ಮಾತಿನ ಕೆಲಸ. ಅವಳ ಕ್ರೇಟು ಹೇಗೂ ಗೆದ್ದಾಗಿತ್ತು. ಇನ್ನು ಮೇಲೆ ಮನೆಯಲ್ಲಿ ನಾನು ಅವಳ ಮುಖ ನೋಡುವಾಗಲೆಲ್ಲ, ಅವಳು ಅದನ್ನು ಮರೆತಂತೆ ಇರುತ್ತಾಳೆ, ಕಾಫಿಗೆ ಸಕ್ಕರೆ ಕಮ್ಮಿ ಹಾಕುತ್ತಾಳೆ, ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ನಾನು ಸಾಯುವವರೆಗೂ ಆ ಉಪಕಾರದ ಕೆಳಗೆ ಬಾಗಿ ಓಡಾಡಬೇಕು. ಕಣ್ಣು ಅವಳದು, ಕೈ ಅವಳದು, ಹೆಸರು ಅವಳದು. ದೊಡ್ಡಗುಣವೂ ಅವಳಿಗೇ ಹೋಗಬೇಕೇ? ನನ್ನ ಮೈಯೆಲ್ಲ ಉರಿದುಹೋಯಿತು.

"ನಾನೇ ಒರೆಸಿದ್ದು," ಎಂದೆ, ಅವಳ ಮಾತಿನ ಮೇಲೆ ಮಾತು ಹಾಕಿ. "ಅದು ಗ್ಲಿಸರಿನ್. ಹಾಕಿದ್ದೂ ನಾನೇ. ಇವಳ ಮೇಲೆ ದೂರು ಹೇಳಿದ್ದೂ ನಾನೇ."

ಹೇಳಿದ ಮೇಲೆ ಒಂದು ಕ್ಷಣ ಹಾಯೆನಿಸಿತು. ಅವಳ ಬಾಯಿ ತೆರೆದ ಹಾಗೇ ಇತ್ತು. ಅವಳಿಂದ ನಾನು ಏನೋ ಕಿತ್ತುಕೊಂಡೆ ಎನ್ನುವುದಷ್ಟೇ ನನಗೆ ಕಂಡದ್ದು.

ದೊಡ್ಡಮ್ಮ ಬೈಯಲಿಲ್ಲ. ಈ ಕ್ರೇಟು ಲಾರಿಗೆ ಹೋಗುವುದಿಲ್ಲ, ಗೊಬ್ಬರದ ಗುಂಡಿಗೆ ಹಾಕಿ ಎಂದು ಆಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಕೆಲಸ ನಿಮಗೆ ಕೊಡಲಾಗುವುದಿಲ್ಲ, ಆದರೆ ಸಿಕ್ಕಿಬೀಳುವ ಮುಂಚೆ ಒಪ್ಪಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ ಎಂದು ನನ್ನ ಮೊಣಕೈ ಹಿಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಪಶ್ಚಾತ್ತಾಪ ಎಂದುಕೊಂಡರು. ಕೆಳಗಿನ ಕೋಣೆ ಹೋಯಿತಲ್ಲ ಎಂದು ಬಂದ ನೀರು ಅದು. ಅವಳ ಕ್ರೇಟು ಲಾರಿ ಹತ್ತಿತು. ವರ್ಷದ ಕೆಲಸ ಅವಳಿಗಾಯಿತು.

ವಾಪಸ್ ಬರುವಾಗಲೂ ಅವಳೇ ಕಾರು ಓಡಿಸಿದಳು. ಅರ್ಧ ದಾರಿಯವರೆಗೂ ಬೈಯುತ್ತಾಳೆ ಎಂದು ಕಾದೆ. ಅದಕ್ಕಿಂತ ಹೆಚ್ಚಾಗಿ, ಕ್ಷಮಿಸಿಬಿಡುತ್ತಾಳೆ ಎಂದು ಹೆದರಿದ್ದೆ. ಒಂದು ಕಡೆ ರಸ್ತೆ ಬದಿಗೆ ಕಾರು ನಿಲ್ಲಿಸಿದಳು. ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು.

"ಅಕ್ಕ, ನಾನು ಅಲ್ಲಿ ಏನು ಹೇಳೋಕೆ ಹೊರಟಿದ್ದೆ ಗೊತ್ತಾ?"

ಗೊತ್ತು ಎಂದೆ.

"ಗೊತ್ತಿಲ್ಲ ನಿಮಗೆ," ಎಂದಳು. "ದೊಡ್ಡಮ್ಮ, ಅದು ನಾನು ಕಣ್ಣಾರೆ ನೋಡಿದೆ, ಅಕ್ಕನೇ ಒರೆಸ್ತಾ ಇದ್ರು, ಅಂತ ಹೇಳೋಕೆ. ಎಲ್ಲರ ಮುಂದೆ ನಿಮ್ಮ ಮಾನ ತೆಗೀಬೇಕು ಅಂತಲೇ ಮುಂದೆ ಬಂದೆ. ತಿಂಡಿ ತಿನ್ನುವಾಗಲೇ ನಿಮ್ಮ ಹಿಂದೆ ಬಂದು ಶೆಡ್ಡಿನ ಮೂಲೇಲಿ ನಿಂತು ನೋಡಿದ್ದೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನನಗೆ?" ಅವಳ ದನಿ ಒಡೆಯಿತು. "ಅಷ್ಟರಲ್ಲಿ ನೀವೇ ಹೇಳಿಬಿಟ್ರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಸತ್ರೂ ಹೇಳ್ತಿರಲಿಲ್ಲ. ಒಂಬತ್ತು ವರ್ಷದಿಂದ ನಿಮ್ಮ ಥರ ಆಗಬೇಕು ಅಂತ ನೋಡ್ತಾ ಇದೀನಿ. ಆಗೋದೇ ಇಲ್ಲ. ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ ಅಕ್ಕ ನನಗೆ."

ನಾನು ಅವಳನ್ನೇ ನೋಡಿದೆ. ಮೂಗು ಕೆಂಪಾಗಿತ್ತು, ಕೆನ್ನೆಯ ಮೇಲೆ ಮಣ್ಣು ಮೆತ್ತಿತ್ತು. ನನ್ನ ಮಾನ ತೆಗೆಯಲು ಮೂಲೆಯಲ್ಲಿ ಕಾದು ನಿಂತಿದ್ದವಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಇಷ್ಟವಾದಳು.

ನಿಜ ಹೇಳಬೇಕಿತ್ತು. ನಾನು ಬಾಯಿ ಬಿಟ್ಟದ್ದು ಒಳ್ಳೆಯತನಕ್ಕಲ್ಲ, ನಿನಗೆ ಆ ದೊಡ್ಡಗುಣದ ಹೆಸರು ಸಿಗದಿರಲಿ ಎಂದು, ಎನ್ನಬೇಕಿತ್ತು. ಮಾತು ತುಟಿಯ ತನಕ ಬಂತು ಕೂಡ. ಆದರೆ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಅಷ್ಟಾದರೂ ನನಗಿರಲಿ ಎಂದು, ತಲೆ ಸವರಿ, ಅಳಬೇಡ, ಹೊರಡು, ಹೊತ್ತಾಯಿತು ಎಂದೆ.